ಸೂಜಿಯ ತುದಿ ಎಲ್ಲಿ ಹೋಯಿತು?

ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಲೈನಿನಲ್ಲಿ ಹೆಚ್ಚಾಗಿ ಕಾಣುವುದು ಸಿಂಗಲ್ ನೀಡಲ್ ಯಂತ್ರ. ಪೂರ್ಣ ವೇಗದಲ್ಲಿ ಅದರ ಸೂಜಿ ನಿಮಿಷಕ್ಕೆ 4,000 ಸಲಕ್ಕೂ ಹೆಚ್ಚು, ಅಂದರೆ ಸೆಕೆಂಡಿಗೆ 60 ಸಲಕ್ಕೂ ಮಿಕ್ಕಿ ಇಳಿದೇಳುತ್ತದೆ. ಬೆರಳು ಸೂಜಿಯ ಕೆಳಗೆ ಸರಿದದ್ದು ಗೊತ್ತಾಗಿ ಟೈಲರ್ ಪೆಡಲ್‌ನಿಂದ ಕಾಲೆತ್ತುವಷ್ಟರಲ್ಲಿ ಸೂಜಿ ಕೆಲವು ಸಲ ಇಳಿದೇ ಬಿಟ್ಟಿರುತ್ತದೆ. ಆದ್ದರಿಂದ ಈ ಗಾಯವನ್ನು ಮನೆಯಲ್ಲಿ ಕೈಹೊಲಿಗೆಯ ಸೂಜಿ ಚುಚ್ಚಿದ ಗಾಯದ ಸಾಲಿಗೆ ಸೇರಿಸಲಾಗದು. ಯಂತ್ರದ ಸೂಜಿ ಉಗುರನ್ನು ತೂರಿ ಒಳಗಿಳಿಯುತ್ತದೆ, ಬೆರಳ ತುದಿಯ ಮೂಳೆಗೆ ತಾಗಿ ಮುರಿಯುವುದೂ ಉಂಟು. ದಾರವೂ ಅದರ ಜೊತೆಗೇ ಒಳಗೆ ಹೋಗಿರುತ್ತದೆ.

ಕಾಲರ್, ಕಫ್, ಜೇಬಿನ ಮುಚ್ಚಳದಂಥ ಸಣ್ಣ ಪೀಸ್‌ಗಳನ್ನು ಹೊಲಿಯುವಾಗ ಹಿಡಿಯಲು ಬಟ್ಟೆಯೇ ಸಾಲದು. ಹೊಲಿಗೆಯ ಕೊನೆಯ ಒಂದು ಇಂಚನ್ನು ಬೆರಳ ತುದಿಯಿಂದಲೇ ಒತ್ತಿ ನಡೆಸಬೇಕಾಗುತ್ತದೆ. ಬೆರಳು ಸೂಜಿಯತ್ತ ಜಾರದಿರಲಿ ಎಂದು ಪ್ರೆಸರ್ ಫುಟ್‌ನ ಮುಂದೆ ಬಾಗಿಸಿದ ತಂತಿಯ ಒಂದು ತಡೆ ಇರುತ್ತದೆ. ಅದೇ ಫಿಂಗರ್ ಗಾರ್ಡ್. ದಾರ ಪೋಣಿಸುವಾಗ ಅದು ಅಡ್ಡ ಬರುತ್ತದೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ತಲೆಯ ಮೇಲಿರುವಾಗ ಒಮ್ಮೆ ಬದಿಗೆ ಸರಿಸಿದ ಗಾರ್ಡ್ ಮತ್ತೆ ತನ್ನ ಜಾಗಕ್ಕೆ ಬರದೇ ಹೋಗುತ್ತದೆ. ಸ್ವಿಚ್ ಆಫ್ ಮಾಡದೆ ದಾರ ಪೋಣಿಸುವಾಗ ಕಾಲು ಪೆಡಲ್‌ಗೆ ತಾಗಿದರೂ ಇದೇ ಗಾಯವಾಗುತ್ತದೆ. ಹಳೆಯ ಕ್ಲಚ್ ಮೋಟರ್ ಇರುವ ಯಂತ್ರದಲ್ಲಿ ಸ್ವಿಚ್ ಆರಿಸಿದ ಮೇಲೂ ಮೋಟರ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಪೆಡಲ್ ಒತ್ತಿದರೆ ಸೂಜಿ ಇನ್ನೂ ಇಳಿಯುತ್ತದೆ.

ಇದು ಬೆರಳಿಗೆ ಬಡಿದು ಸೂಜಿ ಮುರಿಯುವ ಬಗೆ. ಸೂಜಿಯೇ ಮೊದಲು ಮುರಿದು ಅದರ ಚೂರು ಬೆರಳಿಗೆ ನೆಡುವ ಇನ್ನೊಂದು ಬಗೆಯೂ ಇದೆ. ಜೀನ್ಸ್‌ನಲ್ಲಿ ಪಕ್ಕದ ಹೊಲಿಗೆಯೂ ಸೊಂಟಪಟ್ಟಿಯೂ ಕೂಡುವ ಕಡೆ ಬಟ್ಟೆ ಹಲವು ಪದರಗಳ ಗಂಟಾಗಿರುತ್ತದೆ. ಅಲ್ಲಿ ತೆಳು ಸೂಜಿ ಬಾಗಿ, ಥ್ರೋಟ್ ಪ್ಲೇಟ್‌ನ ರಂಧ್ರ ತಪ್ಪಿ ಲೋಹಕ್ಕೆ ಹೊಡೆದು ತುಂಡಾಗುತ್ತದೆ. ಟೈಲರ್ ಬಟ್ಟೆಯನ್ನು ಹಿಂದಿನಿಂದ ಎಳೆದರೂ, ಕೆಳಗಿನ ಹುಕ್‌ನ ಟೈಮಿಂಗ್ ತಪ್ಪಿದ್ದರೂ ಹೀಗೇ ಆಗುತ್ತದೆ. ಈ ಎರಡರಲ್ಲಿ ಯಾವುದು ನಡೆಯಿತು ಎಂಬುದರ ಮೇಲೆಯೇ ಮುಂದೆ ಸರಿಪಡಿಸಬೇಕಾದದ್ದು ಏನೆಂಬುದು ನಿಂತಿದೆ. ಲೈನ್ ಸೂಪರ್‌ವೈಸರ್ ಬರೆಯುವ ದಾಖಲೆಯಲ್ಲಿ ಇದಕ್ಕೆ ಉತ್ತರ ಇರಲೇಬೇಕು.

ಬರೆಯುವುದಕ್ಕೆ ಮೊದಲು ಮಾಡಬೇಕಾದ ಕೆಲಸವಿದೆ. ಪೆಡಲ್ ಬಿಟ್ಟು ಸ್ವಿಚ್ ಆರಿಸಬೇಕು. ಕೈಯನ್ನು ಜಗ್ಗಿ ಎಳೆದುಕೊಳ್ಳಬಾರದು. ನೋವಿಗೆ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ, ಹಾಗಾಗಿ ಪಕ್ಕದಲ್ಲಿರುವವರು ಮಣಿಕಟ್ಟನ್ನು ಹಿಡಿದು ನಿಲ್ಲಿಸುವುದು ಒಳ್ಳೆಯದು. ಸೂಜಿ ಮುರಿಯದೆ ಬೆರಳಿನಲ್ಲಿ ಸಿಕ್ಕಿಕೊಂಡಿದ್ದರೆ ದಾರವನ್ನು ಕತ್ತರಿಸಿ, ಮೆಕ್ಯಾನಿಕ್ ಯಂತ್ರದ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ ಸೂಜಿಯನ್ನು ಮೇಲೆತ್ತುತ್ತಾನೆ. ಮುರಿದ ತುಂಡು ಬೆರಳಿನಲ್ಲೇ ಉಳಿದಿದ್ದರೆ ಅದನ್ನು ಇಕ್ಕಳದಿಂದ ಕೀಳುವ ಕೆಲಸಕ್ಕೆ ಲೈನಿನಲ್ಲಿ ಯಾರೂ ಕೈ ಹಾಕಬಾರದು. ಹೊರಗೆ ಕಾಣುವ ಭಾಗ ಬಂದು, ಒಳಗಿನ ತುದಿ ಮತ್ತೆ ಮುರಿದು ಅಲ್ಲೇ ಉಳಿದರೆ ವೈದ್ಯರ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಗಾಯವನ್ನು ಹರಿಯುವ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಸುತ್ತಿ, ಕೈಯನ್ನು ಎತ್ತಿ ಹಿಡಿಯಬೇಕು. ಊತ ಬರುವ ಮೊದಲೇ ಉಂಗುರ ತೆಗೆಯಬೇಕು. ಕಾಫಿಪುಡಿ, ಅರಿಶಿನ ಮೆತ್ತಿದರೆ ಗಾಯದೊಳಗೆ ಕಸ ಸೇರುತ್ತದಷ್ಟೇ.

ಇನ್ನು ಪುಸ್ತಕಗಳ ಮಾತು. ಸೂಜಿ ಬೆರಳಿಗೆ ತಾಗಿ ಮುರಿದಾಗ ಎರಡು ಪುಸ್ತಕಗಳಲ್ಲಿ ಬರೆಯಬೇಕಾಗುತ್ತದೆ. ಮೊದಲನೆಯದು ಮುರಿದ ಸೂಜಿಗಳ ರಿಜಿಸ್ಟರ್. ರಫ್ತು ಮಾಡುವ ಕಾರ್ಖಾನೆಗಳಲ್ಲಿ ಇದನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಸೂಜಿಯ ಚೂರು ಮಗುವಿನ ಅಂಗಿಯೊಳಗೆ ಹೋಗಿ ಕೊಂಡವರ ಮನೆ ಸೇರಬಾರದು ಎಂಬುದು ಖರೀದಿದಾರರ ಷರತ್ತು. ದೋಷವಿರುವ ಸರಕಿಗೆ ತಯಾರಕರನ್ನೇ ಹೊಣೆ ಮಾಡುವ ಕಾನೂನು ಜಪಾನಿನಲ್ಲಿ 1995ರಲ್ಲಿ ಜಾರಿಗೆ ಬಂತು. ಅಲ್ಲಿನ ಖರೀದಿದಾರರು ಸೂಜಿ ತಪಾಸಣೆಯಲ್ಲಿ ಹೆಸರುವಾಸಿಯಾದ ಬಿಗಿಯನ್ನು ತೋರುತ್ತಾರೆ. ರಿಜಿಸ್ಟರಿನಲ್ಲಿ ದಿನಾಂಕ, ಸಮಯ, ಲೈನ್, ಯಂತ್ರದ ಸಂಖ್ಯೆ, ಟೈಲರ್ ಹೆಸರು, ಸೂಜಿಯ ಬಗೆ ಮತ್ತು ಅಳತೆ ಬರೆದು, ಸಿಕ್ಕ ಚೂರುಗಳನ್ನು ಜೋಡಿಸಿ ಪಾರದರ್ಶಕ ಟೇಪಿನಿಂದ ಅದೇ ಸಾಲಿನಲ್ಲಿ ಅಂಟಿಸುತ್ತಾರೆ. ಎಲ್ಲ ಚೂರುಗಳೂ ಬಂದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಪೀಸನ್ನೂ ಸುತ್ತಲಿನ ಬಂಡಲನ್ನೂ ಬೇರೆ ಇಟ್ಟು, ನೆಲ ಮತ್ತು ಯಂತ್ರದ ಮೇಲೆ ಅಯಸ್ಕಾಂತ ಆಡಿಸಿ, ಬಟ್ಟೆಯನ್ನು ಲೋಹಶೋಧಕದ ಮೂಲಕ ಹಾಯಿಸುತ್ತಾರೆ.

ಎರಡನೆಯದು ಅಪಘಾತ ಪುಸ್ತಕ. ಇಎಸ್‌ಐ ವ್ಯಾಪ್ತಿಯ ಕಾರ್ಖಾನೆಗಳಲ್ಲಿ ಇದನ್ನು ಇಡಬೇಕೆಂಬ ನಿಯಮವಿದೆ. ಮೊದಲ ಪುಸ್ತಕ ಬಟ್ಟೆ ಕೊಳ್ಳುವವರ ರಕ್ಷಣೆಗೆ ಇರುವುದು, ಇದು ಹೊಲಿಯುವವರ ರಕ್ಷಣೆಗೆ. ಒಂದು ಸ್ಟೋರಿನಲ್ಲಿ, ಇನ್ನೊಂದು ಎಚ್‌.ಆರ್. ಕಚೇರಿಯಲ್ಲಿ ಇರುವಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಇಲ್ಲದೇ ಹೋಗುತ್ತಾರೆ. ಅಪಾಯ ಇರುವುದು ಅಲ್ಲಿಯೇ. ಸೂಜಿಯ ಲೆಕ್ಕ ಹಾಕುವವರು ಬಟ್ಟೆಯಲ್ಲಿ, ನೆಲದಲ್ಲಿ, ಯಂತ್ರದಲ್ಲಿ ಹುಡುಕುತ್ತಾರೆ. ಬೆರಳಿಗೆ ಪಟ್ಟಿ ಕಟ್ಟುವವರಿಗೆ ಸೂಜಿಯ ಲೆಕ್ಕ ಗೊತ್ತಿರುವುದಿಲ್ಲ.

ಒಂದು ಮಾದರಿ ಸನ್ನಿವೇಶವನ್ನು ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲೋ ದೊಡ್ಡಬಳ್ಳಾಪುರದಲ್ಲೋ ಇರುವಂಥ ಒಂದು ಕಾರ್ಖಾನೆ. 4ನೇ ಲೈನಿನಲ್ಲಿ ಜೀನ್ಸ್‌ಗೆ ಸೊಂಟಪಟ್ಟಿ ಹಾಕುವ ಕೆಲಸ. ಬೆಳಿಗ್ಗೆ 11.40ಕ್ಕೆ ಟೈಲರ್‌ಳ ಎಡಗೈ ತೋರುಬೆರಳಿಗೆ ಸೂಜಿ ಹೊಕ್ಕು ಮುರಿಯುತ್ತದೆ. ರಕ್ತ ಹೆಚ್ಚಿಲ್ಲ. ಉಗುರಿನ ಮೇಲೆ ಒಂದು ಚುಕ್ಕೆಯಷ್ಟೇ ಕಾಣುತ್ತದೆ. ಸಿಸ್ಟರ್ ತೊಳೆದು ಪಟ್ಟಿ ಕಟ್ಟುತ್ತಾರೆ. ಇತ್ತ ಸೂಪರ್‌ವೈಸರ್‌ಗೆ ಎರಡು ತುಂಡು ಸಿಗುತ್ತವೆ: ಕ್ಲಾಂಪಿನಲ್ಲೇ ಉಳಿದ ದಪ್ಪ ಭಾಗ ಒಂದು, ಟೇಬಲ್ ಮೇಲೆ ಬಿದ್ದ ನಡುವಿನ ಭಾಗ ಒಂದು. ಎರಡನ್ನೂ ಜೋಡಿಸಿ, ಅದೇ ಅಳತೆಯ ಹೊಸ ಸೂಜಿಯ ಪಕ್ಕ ಇಟ್ಟಾಗ ತುದಿಯ ಕಡೆ ಸುಮಾರು 6 ಮಿ.ಮೀ. ಕಡಿಮೆ ಬರುತ್ತದೆ. ಅಯಸ್ಕಾಂತಕ್ಕೆ ಏನೂ ಅಂಟುವುದಿಲ್ಲ. ಪೀಸ್ ಲೋಹಶೋಧಕದಲ್ಲಿ ಸದ್ದಿಲ್ಲದೆ ಹಾಯುತ್ತದೆ.

ಇಲ್ಲಿ ಸೂಪರ್‌ವೈಸರ್ ‘ತುದಿ ಸಿಕ್ಕಿಲ್ಲ’ ಎಂದು ಬರೆದು, ಪೀಸನ್ನು ನಾಶಕ್ಕೆ ಕಳಿಸಿ, ಲೈನ್ ಶುರು ಮಾಡಿದರೆ ಖರೀದಿದಾರರ ಮಟ್ಟಿಗೆ ಕೆಲಸ ಮುಗಿಯಿತು. ಟೈಲರ್ ಮಾತ್ರ 6 ಮಿ.ಮೀ. ಉಕ್ಕನ್ನು ಬೆರಳಲ್ಲಿ ಇಟ್ಟುಕೊಂಡೇ ಮನೆಗೆ ಹೋಗುತ್ತಾಳೆ. ಎರಡು ಮೂರು ದಿನಕ್ಕೆ ಬೆರಳ ತುದಿ ಕೆಂಪಾಗಿ, ಬಿಗಿಯಾಗಿ, ನಾಡಿ ಮಿಡಿದಂತೆ ನೋಯತೊಡಗಬಹುದು. ಬೆರಳ ತುದಿಯ ಮಾಂಸ ಸಣ್ಣ ಸಣ್ಣ ಗೋಡೆಗಳಿಂದ ಬಿಗಿದ ಗೂಡು, ಕೀವು ತುಂಬಿದರೆ ಹರಡಲು ಜಾಗವಿಲ್ಲ. ಒತ್ತಡ ಹೆಚ್ಚಿ ಸೋಂಕು ಮೂಳೆಗೂ ಇಳಿಯಬಹುದು. ಆದ್ದರಿಂದ ಸರಿಯಾದ ಕ್ರಮವೆಂದರೆ, ತುದಿ ಸಿಗದಿದ್ದರೆ ಅದು ಬೆರಳಿನಲ್ಲಿರಬಹುದು ಎಂದು ಮೊದಲು ಶಂಕಿಸುವುದು. ‘ಸೂಜಿಯ ತುದಿ ಸುಮಾರು 6 ಮಿ.ಮೀ. ಸಿಕ್ಕಿಲ್ಲ, ಬೆರಳಿನಲ್ಲಿರಬಹುದು, ಎಕ್ಸ್‌ರೇ ಬೇಕು’ ಎಂಬ ಚೀಟಿಯೊಂದಿಗೆ, ಅದೇ ಬಗೆಯ ಇನ್ನೊಂದು ಸೂಜಿಯನ್ನು ಮಾದರಿಯಾಗಿ ಕೊಟ್ಟು ಅವಳನ್ನು ಇಎಸ್‌ಐ ಆಸ್ಪತ್ರೆಗೆ ಕಳಿಸಬೇಕು. ಉಕ್ಕಿನ ಚೂರು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ. ಎರಡೂ ತುಂಡು ಕೂಡಿ ಸೂಜಿ ಪೂರ್ತಿಯಾಗಿದ್ದರೆ, ಆ ಮಾತನ್ನೂ ಚೀಟಿಯಲ್ಲಿ ಬರೆಯುವುದು ವೈದ್ಯರಿಗೆ ಅಷ್ಟೇ ಉಪಯೋಗ.

ಅಪಘಾತ ಪುಸ್ತಕದಲ್ಲಿ ಅತಿ ಮುಖ್ಯವಾದ ಕಾಲಂ ಒಂದಿದೆ: ಗಾಯಗೊಂಡವರು ಆ ಹೊತ್ತಿನಲ್ಲಿ ನಿಖರವಾಗಿ ಏನು ಮಾಡುತ್ತಿದ್ದರು? ಅಲ್ಲಿ ‘ನಿರ್ಲಕ್ಷ್ಯದಿಂದ ಸೂಜಿ ಚುಚ್ಚಿಕೊಂಡರು’ ಎಂದು ಬರೆಯುವ ಕೆಟ್ಟ ರೂಢಿ ಇದೆ. ಅದು ಘಟನೆಯ ವಿವರವಲ್ಲ, ತೀರ್ಪು. ‘ಸೊಂಟಪಟ್ಟಿಯ ಕೊನೆಯನ್ನು ಎಡಗೈ ತೋರುಬೆರಳಿನಿಂದ ಒತ್ತಿ ಹೊಲಿಯುತ್ತಿದ್ದರು. ಪಕ್ಕದ ಹೊಲಿಗೆಯ ಗಂಟು ಬಂದಾಗ ಬಟ್ಟೆ ನಿಂತು, ಬೆರಳು ಮುಂದೆ ಜಾರಿತು. ಫಿಂಗರ್ ಗಾರ್ಡ್ ಬದಿಗೆ ಸರಿದಿತ್ತು’ ಎಂದು ಬರೆದರೆ ಅದು ದಾಖಲೆ. ಸಮಯ, ಸ್ಥಳ, ಗಾಯದ ಸ್ವರೂಪ, ಇಬ್ಬರು ಸಾಕ್ಷಿಗಳ ಹೆಸರು, ತಿಳಿಸಿದವರ ಸಹಿ ಅಥವಾ ಹೆಬ್ಬೆಟ್ಟು ಇದರ ಜೊತೆಗಿರಬೇಕು. ಬರೆದದ್ದನ್ನು ಟೈಲರ್‌ಗೆ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿಕೊಳ್ಳುವುದು ನ್ಯಾಯ.

ಈ ಸಾಲುಗಳ ಬೆಲೆ ಸಂಬಳದ ದಿನ ತಿಳಿಯುತ್ತದೆ. ಕೆಲಸದಲ್ಲಾದ ಗಾಯ ಎಂದು ದಾಖಲಾಗಿ, ವೈದ್ಯರ ಪ್ರಕಾರ ಮೂರು ದಿನ ಅಥವಾ ಹೆಚ್ಚು ಕೆಲಸ ಮಾಡಲಾಗದಿದ್ದರೆ, ಅಪಘಾತದ ದಿನ ಬಿಟ್ಟು, ಇಎಸ್‌ಐನಿಂದ ಸರಾಸರಿ ದಿನಗೂಲಿಯ ಶೇ. 90ರಷ್ಟು ಸಿಗುತ್ತದೆ. ಇದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಬಂಧನೆ ಇಲ್ಲ, ಕೆಲಸಕ್ಕೆ ಸೇರಿದ ದಿನವೇ ಗಾಯವಾದರೂ ಹಕ್ಕಿದೆ. ಅದೇ ಬೆರಳು ನೋವು ಸಾಮಾನ್ಯ ಕಾಯಿಲೆ ಎಂದು ನಮೂದಾದರೆ ಸಿಗುವುದು ಶೇ. 70 ಮಾತ್ರ, ಅದಕ್ಕೂ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಗಾರ್ಡ್ ಸರಿಸಿದ್ದು ಟೈಲರ್ ತಪ್ಪೇ ಆಗಿದ್ದರೂ, ಅದು ಕಾರ್ಖಾನೆಯ ಕೆಲಸಕ್ಕಾಗಿಯೇ ಮಾಡಿದ್ದಾದರೆ ಇಎಸ್‌ಐ ಕಾನೂನು ಆ ಕಾರಣಕ್ಕೆ ಪರಿಹಾರವನ್ನು ತಳ್ಳಿಹಾಕುವುದಿಲ್ಲ. ಆದ್ದರಿಂದ ಗಾರ್ಡ್ ಸರಿದಿತ್ತು ಎಂಬ ನಿಜವನ್ನು ಮುಚ್ಚಿಡುವುದರಿಂದ ಟೈಲರ್‌ಗೆ ಯಾವ ಲಾಭವೂ ಇಲ್ಲ.

ಕಾರಣದ ಕಾಲಂ ತುಂಬಲು ಮೆಕ್ಯಾನಿಕ್ ಬೇಕು. ಥ್ರೋಟ್ ಪ್ಲೇಟ್‌ನ ರಂಧ್ರದ ಅಂಚಿನಲ್ಲಿ ಹೊಸ ಗೀರು, ಹುಕ್‌ನ ಮೂತಿಯಲ್ಲಿ ಕಚ್ಚು ಇದ್ದರೆ ಸೂಜಿ ಮೊದಲು ಲೋಹಕ್ಕೆ ಬಡಿದಿರುವ ಸಾಧ್ಯತೆ ಹೆಚ್ಚು. ಆಗ ನೋಡಬೇಕಾದದ್ದು ಸೂಜಿಯ ಅಳತೆ, ಟೈಮಿಂಗ್, ಗಂಟಿನ ದಪ್ಪ. ಪ್ಲೇಟ್, ಹುಕ್ ಎರಡೂ ಶುದ್ಧವಾಗಿದ್ದು ಉಗುರಿನ ಮೇಲೆ ನೇರ ರಂಧ್ರವಿದ್ದರೆ ಬೆರಳೇ ಸೂಜಿಯ ಕೆಳಗೆ ಹೋಗಿದೆ. ಆಗ ಗಾರ್ಡ್, ಪೀಸ್ ಹಿಡಿಯುವ ಬಗೆ, ಆ ಗಂಟೆಯ ಟಾರ್ಗೆಟ್ ನೋಡಬೇಕು. ಮಾದರಿಯ ಸನ್ನಿವೇಶದಲ್ಲಿ ಪ್ಲೇಟಿನ ಮೇಲೆ ಗೀರಿಲ್ಲ. ಗಾರ್ಡ್ ಮತ್ತೆ ಬಿಗಿಯುತ್ತಾರೆ, ಗಂಟಿನ ಬಳಿ ವೇಗ ತಗ್ಗಿಸಲು ಹೇಳುತ್ತಾರೆ, ಅದೇ ಕೆಲಸ ಮಾಡುವ ಉಳಿದ ಯಂತ್ರಗಳ ಗಾರ್ಡ್‌ಗಳನ್ನೂ ಪರೀಕ್ಷಿಸುತ್ತಾರೆ. ರಕ್ತ ತಾಗಿದ ಪೀಸ್ ಬಂಡಲಿನಿಂದ ಹೊರಗೆ ಹೋಗುತ್ತದೆ.

ಎರಡೂ ಪುಸ್ತಕಗಳ ಸಾಲು ಅಂದೇ ಮುಗಿಯುವುದಿಲ್ಲ. ಆಸ್ಪತ್ರೆಯಲ್ಲಿ ತೆಗೆದ ತುದಿ ವಾಪಸ್ ಬಂದರೆ ಸಣ್ಣ ಕವರಿನಲ್ಲಿ ಹಾಕಿ ಉಳಿದ ತುಂಡುಗಳ ಪಕ್ಕದಲ್ಲೇ ಅಂಟಿಸುತ್ತಾರೆ. ಬಾರದಿದ್ದರೆ ಎಕ್ಸ್‌ರೇ ವರದಿಯ ಸಂಖ್ಯೆ ಬರೆಯುತ್ತಾರೆ. ಅಪಘಾತ ಪುಸ್ತಕದಲ್ಲಿ ಸೂಜಿ ರಿಜಿಸ್ಟರಿನ ಸಾಲಿನ ಸಂಖ್ಯೆ, ಸೂಜಿ ರಿಜಿಸ್ಟರಿನಲ್ಲಿ ಅಪಘಾತದ ಸಂಖ್ಯೆ ನಮೂದಾಗುತ್ತದೆ. ಟೈಲರ್ ಕೆಲಸಕ್ಕೆ ಮರಳಿದ ದಿನ, ಬೆರಳು ಮಡಿಯುತ್ತದೆಯೇ, ತುದಿಯಲ್ಲಿ ಸ್ಪರ್ಶ ಇದೆಯೇ ಎಂದು ವಿಚಾರಿಸಿ ಬರೆದು, ಸೂಪರ್‌ವೈಸರ್ ದಿನಾಂಕ ಹಾಕಿ ಸಹಿ ಮಾಡುತ್ತಾರೆ.