ಹತ್ತು ಪ್ರಶ್ನೆಗಳಿಗೊಂದು ಅನುಮತಿ ಪತ್ರ

ಬಾಣಂತಿಯರಲ್ಲಿ ಖಿನ್ನತೆಯ ಸುಳಿವು ಹಿಡಿಯಲು ಜಗತ್ತಿನ ಹಲವೆಡೆ ಬಳಸುವ ಎಡಿನ್‌ಬರಾ ಪ್ರಶ್ನಾವಳಿ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 30. ಕಳೆದ 7 ದಿನಗಳಲ್ಲಿ ನಿಮಗೆ ಹೇಗನಿಸಿದೆ ಎಂಬುದನ್ನಷ್ಟೇ ಅದು ಕೇಳುತ್ತದೆ. ಜಾನ್ ಕಾಕ್ಸ್, ಜೆನಿಫರ್ ಹೋಲ್ಡನ್ ಮತ್ತು ರೂತ್ ಸಗೋವ್ಸ್ಕಿ 1987ರಲ್ಲಿ ಇದನ್ನು ‘ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಪ್ರಕಟಿಸಿದರು.

ಹಾಳೆ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಆದ್ದರಿಂದಲೇ ಹೆಚ್ಚಿನವರು ಅದರ ಕೆಳಗಿರುವ ಸಣ್ಣ ಅಕ್ಷರಗಳನ್ನು ಓದುವುದಿಲ್ಲ. ಹಕ್ಕು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ಸಂಸ್ಥೆಯದು. ವೈದ್ಯರಾಗಲಿ ಸಂಶೋಧಕರಾಗಲಿ ತಮ್ಮ ಬಳಕೆಗೆಂದು ನಕಲು ಮಾಡಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಆದರೆ ಪೂರ್ತಿಯಾಗಿ ನಕಲಿಸಬೇಕು, ಮೂಲ ಲೇಖನದ ವಿವರವನ್ನು ಪ್ರತಿ ಹಾಳೆಯಲ್ಲೂ ಹಾಕಬೇಕು. ಇತರರಿಗೆ ಹಂಚುವುದಾದರೆ, ಮತ್ತೆ ಪ್ರಕಟಿಸುವುದಾದರೆ ಲಿಖಿತ ಅನುಮತಿ ಬೇಕು. ಹೀಗಾಗಿ ಪ್ರಶ್ನಾವಳಿ ರಚಿಸಿದವರಿಗೆ ಬರೆಯುವ ಪತ್ರ ಹಲವು ಸಲ ಎರಡು ಕಡೆ ಹೋಗಬೇಕಾಗುತ್ತದೆ. ಪ್ರಶ್ನೆಗಳ ಹಿಂದಿನ ಲೆಕ್ಕಾಚಾರ ಲೇಖಕರಿಗೆ ಗೊತ್ತು, ಕಾನೂನಿನ ಹಕ್ಕು ಮಾತ್ರ ಪ್ರಕಾಶಕರ ಕೈಯಲ್ಲಿ.

‘ಪೂರ್ತಿಯಾಗಿ’ ಎಂಬ ಷರತ್ತು ಬರೀ ಹಕ್ಕಿನ ಹಟವಲ್ಲ. ಇಂಥ ಪ್ರಶ್ನಾವಳಿಯ ಬೆಲೆ ಅದರ ವಾಕ್ಯಗಳಲ್ಲಿರುವುದಕ್ಕಿಂತ, ಆ ವಾಕ್ಯಗಳನ್ನು ಪರೀಕ್ಷೆಗೊಡ್ಡಿ ಪಡೆದ ಅಂಕಿಗಳಲ್ಲಿದೆ. ಕಾಕ್ಸ್ ತಂಡ 84 ತಾಯಂದಿರಿಂದ ಹಾಳೆ ತುಂಬಿಸಿ, ಅವರನ್ನೇ ಪ್ರತ್ಯೇಕವಾಗಿ ಮನೋವೈದ್ಯಕೀಯ ಸಂದರ್ಶನಕ್ಕೂ ಒಳಪಡಿಸಿತು. ಗೆರೆಯನ್ನು 12 ಮತ್ತು 13ರ ನಡುವೆ ಎಳೆದಾಗ, ಅಂದರೆ 13 ಅಥವಾ ಹೆಚ್ಚು ಅಂಕ ಬಂದವರನ್ನು ‘ಮುಂದಿನ ತಪಾಸಣೆ ಬೇಕು’ ಎಂದು ಗುರುತಿಸಿದಾಗ, ಖಿನ್ನತೆಯಿದ್ದವರಲ್ಲಿ ಶೇ 86 ಮಂದಿ ಸಿಕ್ಕರು. ಇಲ್ಲದವರಲ್ಲಿ ಶೇ 78 ಮಂದಿ ಸರಿಯಾಗಿ ಹೊರಗುಳಿದರು. ಈ ಎರಡು ಸಂಖ್ಯೆಗಳು ಆ ಹತ್ತು ಪ್ರಶ್ನೆಗಳಿಗೆ, ಆ ಕ್ರಮಕ್ಕೆ, ತಾಯಿ ತಾನೇ ಓದಿ ಗುರುತು ಹಾಕುವ ಆ ವಿಧಾನಕ್ಕೆ ಸೇರಿದವು. ಒಂದನ್ನು ಬದಲಿಸಿದರೂ ಹಳೆಯ ಅಂಕಿ ಹೊಸ ಹಾಳೆಗೆ ತಾನಾಗಿ ಅನ್ವಯಿಸುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ನೋಡೋಣ. ರಾಯಚೂರಿನಲ್ಲಿ ಎಂಎಸ್ಸಿ ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕೆ ಈ ಪ್ರಶ್ನಾವಳಿ ಬಳಸಬೇಕೆಂದಿದ್ದಾಳೆ. ಅವಳ ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ: ‘ನಿಮ್ಮ ಪ್ರಶ್ನಾವಳಿಯನ್ನು ನನ್ನ ಅಧ್ಯಯನದಲ್ಲಿ ಅಗತ್ಯ ಮಾರ್ಪಾಡುಗಳೊಂದಿಗೆ ಬಳಸಲು ದಯವಿಟ್ಟು ಅನುಮತಿ ನೀಡಿ.’ ವಿನಯಕ್ಕೇನೂ ಕೊರತೆಯಿಲ್ಲ, ವಿಷಯ ಮಾತ್ರ ಇಲ್ಲ. ‘ಅಗತ್ಯ ಮಾರ್ಪಾಡು’ ಎಂದರೆ ಏನೆಂದು ತಿಳಿಯದೆ ಯಾರೂ ಹೂಂ ಎನ್ನಲಾರರು. ಎರಡನೆಯ ಕರಡು ಇಂಗ್ಲಿಷಿನಲ್ಲೇ ಹೋಗುತ್ತದೆ. ಅದರ ತಿರುಳು ಇದು:

‘ಹೆರಿಗೆಯಾಗಿ ಆರರಿಂದ ಎಂಟು ವಾರವಾದ 200 ತಾಯಂದಿರಲ್ಲಿ ನಿಮ್ಮ 1987ರ ಹತ್ತು ಪ್ರಶ್ನೆಗಳ ರೂಪವನ್ನು ಕನ್ನಡದಲ್ಲಿ, ಕಾಗದದ ಮೇಲೆ ಬಳಸಲು ಬಯಸುತ್ತೇನೆ. ಇದಕ್ಕೆ ಯಾರಿಂದಲೂ ಹಣ ಪಡೆಯುವುದಿಲ್ಲ. ನಿಮ್ಮ ಗಮನಕ್ಕೆ ಬಂದಿರುವ ಕನ್ನಡ ಅನುವಾದವಿದ್ದರೆ ಅದನ್ನೇ ಬಳಸುವೆ. ನಾನು ಕೇಳುವ ಬದಲಾವಣೆ ಎರಡು. ಓದು ಬಾರದ ತಾಯಂದಿರಿಗೆ ನರ್ಸ್ ಪ್ರಶ್ನೆಗಳನ್ನು ಓದಿ ಹೇಳುವುದು. ಆರನೆಯ ಪ್ರಶ್ನೆಯನ್ನು ಇಲ್ಲಿನ ಆಡುಮಾತಿಗೆ ಹೊಂದಿಸುವುದು. ಪ್ರಶ್ನೆಗಳ ಸಂಖ್ಯೆ, ಕ್ರಮ, ಅಂಕ, 7 ದಿನಗಳ ಅವಧಿ ಇವನ್ನು ಮುಟ್ಟುವುದಿಲ್ಲ. ಕನ್ನಡ ರೂಪವನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಂದು ಎರಡನ್ನೂ ನಿಮಗೆ ಕಳಿಸುತ್ತೇನೆ. ಹತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಅಂದೇ ಮನೋವೈದ್ಯರಿಗೆ ತಿಳಿಸುವ ವ್ಯವಸ್ಥೆ ಮಾಡಿದ್ದೇನೆ.’

ಅನುವಾದ ಇದೆಯೇ ಎಂದು ಕೇಳುವುದು ಸೋಮಾರಿತನವಲ್ಲ. ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಈ ಪ್ರಶ್ನಾವಳಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. ಅಲ್ಲಿಯೂ ಗೆರೆ 13ಕ್ಕೇ ಚೆನ್ನಾಗಿ ಹೊಂದಿತು. ಇದ್ದುದನ್ನು ನೋಡದೆ ಹೊಸ ಅನುವಾದ ಹೊಸೆದರೆ ಒಂದೇ ರಾಜ್ಯದಲ್ಲಿ ಎರಡು ಹಾಳೆಗಳಾಗುತ್ತವೆ, ಫಲಿತಾಂಶಗಳನ್ನು ಹೋಲಿಸಲಾಗದು. ಹಾಗೆಂದು ಗರ್ಭಿಣಿಯರಲ್ಲಿ ಸಿಕ್ಕ ಗೆರೆಯನ್ನು ಬಾಣಂತಿಯರಿಗೂ ಕಣ್ಣುಮುಚ್ಚಿ ಹಾಕುವಂತಿಲ್ಲ. ವಿದ್ಯಾರ್ಥಿನಿ ತನ್ನ 200 ಮಂದಿಯಲ್ಲಿ ಒಂದಷ್ಟು ಜನರನ್ನಾದರೂ, ಅಂಕ ಗೊತ್ತಿಲ್ಲದ ಮನೋವೈದ್ಯರಿಂದ ಸಂದರ್ಶನಕ್ಕೆ ಒಳಪಡಿಸಿ ನೋಡಬೇಕು. ಕಡಿಮೆ ಅಂಕ ಬಂದವರೂ ಅದರಲ್ಲಿ ಇರಬೇಕು. ಇಲ್ಲವಾದರೆ ಹಾಳೆಯ ಕಣ್ತಪ್ಪಿಸಿಕೊಂಡವರು ಎಷ್ಟೆಂಬುದು ತಿಳಿಯುವುದೇ ಇಲ್ಲ.

ಎರಡು ಬದಲಾವಣೆಗಳಲ್ಲಿ ಆರನೆಯ ಪ್ರಶ್ನೆಯದು ಮೇಲ್ನೋಟಕ್ಕೆ ದೊಡ್ಡದು. ಮೂಲದಲ್ಲಿ ಅದೊಂದು ಇಂಗ್ಲಿಷ್ ನುಡಿಗಟ್ಟು. ಕೆಲಸ ಕೈಮೀರಿ ಹೋಗುತ್ತಿದೆ, ನಿಭಾಯಿಸಲಾಗುತ್ತಿಲ್ಲ ಎಂಬ ಭಾವದ್ದು. ಕೆಲವು ತಾಯಂದಿರಿಗೆ ಕೇಳಿಸಿ, ‘ನಿಮಗೇನು ಅರ್ಥವಾಯ್ತವ್ವ?’ ಎಂದು ವಿಚಾರಿಸಿದರೆ ಎಡವಟ್ಟು ಬೇಗ ಸಿಕ್ಕಿಬೀಳುತ್ತದೆ. ನನಗೆ ಹೆಚ್ಚು ಅಪಾಯದ್ದೆನಿಸುವುದು ಓದಿ ಹೇಳುವ ಬದಲಾವಣೆಯೇ. ತಾನೇ ಗುರುತು ಹಾಕುವಾಗ ಬರುವ ಉತ್ತರ, ಪಕ್ಕದಲ್ಲಿ ಅತ್ತೆ ಕೂತಿರುವಾಗ ನರ್ಸಮ್ಮನಿಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ‘ಏನಿಲ್ಲ, ಆರಾಮದೀನಿ’ ಎನ್ನುತ್ತಾಳೆ. ಅಂಕ ಇಳಿಯುತ್ತದೆ, ಖಿನ್ನತೆ ಇಳಿದಿರುವುದಿಲ್ಲ. ಆದ್ದರಿಂದ ಬೇರೆ ಕೋಣೆ, ಬೇರೆಯವರಿಲ್ಲದ ಹೊತ್ತು ಎಂಬುದನ್ನೂ ಪತ್ರದಲ್ಲಿ ಸೇರಿಸಬೇಕು.

ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎನ್ನುವುದು. ಇದನ್ನು ಕೈಬಿಡಲು ಅನುಮತಿ ಕೇಳುವವರಿದ್ದಾರೆ. ಉತ್ತರ ‘ಹೌದು’ ಎಂದಾದರೆ ಏನು ಮಾಡಬೇಕೆಂಬ ಸಿದ್ಧತೆ ಇಲ್ಲದಿರುವುದೇ ಎಷ್ಟೋ ಸಲ ಕಾರಣ. ಬಿಟ್ಟರೆ ಗರಿಷ್ಠ ಅಂಕ 27 ಆಗುತ್ತದೆ, ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ಒಟ್ಟು ಅಂಕ ಬರೀ ಐದಿದ್ದರೂ ಈ ಒಂದು ಉತ್ತರ ಸೊನ್ನೆಯಲ್ಲದಿದ್ದರೆ ಅಂದೇ ವಿಚಾರಿಸಬೇಕೆಂಬುದನ್ನು ನರ್ಸ್‌ಗಳಿಗೆ ಮೊದಲೇ ಹೇಳಿಕೊಟ್ಟಿರಬೇಕು.

ಪತ್ರ ಕಳಿಸಿಯಾಯಿತು. ಉತ್ತರ ಬಾರದಿದ್ದರೆ? ಮೌನವನ್ನು ಒಪ್ಪಿಗೆಯೆಂದು ತಿಳಿಯುವಂತಿಲ್ಲ. ಹಕ್ಕುದಾರ ಸಂಸ್ಥೆಗೆ ಬರೆಯಬೇಕು, ನೈತಿಕ ಸಮಿತಿಗೆ ಅರ್ಜಿ ಹಾಕುವ ಮುನ್ನವೇ ಬರೆದಿರಬೇಕು. ಅಷ್ಟರಲ್ಲಿ ಮಾರ್ಗದರ್ಶಕರು ಸುಲಭದ ದಾರಿ ತೋರಿಸುವುದುಂಟು: ‘ಪಿಎಚ್‌ಕ್ಯೂ-9 ತಗೋಳಮ್ಮ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.’ ಮಾತು ನಿಜ. ಆ ಪ್ರಶ್ನಾವಳಿಯನ್ನು ನಕಲಿಸಲು, ಅನುವಾದಿಸಲು, ಹಂಚಲು ಅನುಮತಿ ಬೇಡವೆಂದು ಅದರಲ್ಲೇ ಬರೆದಿದೆ. ಆದರೆ ಅದರ ಒಂಬತ್ತು ಪ್ರಶ್ನೆಗಳಲ್ಲಿ ಮೂರು ನಿದ್ದೆ, ಸುಸ್ತು, ಹಸಿವೆಯವು. ಕೈಗೂಸಿನ ತಾಯಿಗೆ ಖಿನ್ನತೆಯಿಲ್ಲದಿದ್ದರೂ ಇವೆಲ್ಲ ಏರುಪೇರಾಗಿರುತ್ತವೆಂದೇ ಕಾಕ್ಸ್ ತಂಡ ಇಂಥ ದೈಹಿಕ ಲಕ್ಷಣಗಳನ್ನು ದೂರವಿಟ್ಟಿತ್ತು. ನಿದ್ದೆಯ ಬಗ್ಗೆ ಕೇಳಿದ ಒಂದು ಕಡೆಯೂ ದುಃಖದಿಂದ ನಿದ್ದೆ ಬಾರದಿರುವುದನ್ನಷ್ಟೇ ಕೇಳಿದೆ. ಪಿಎಚ್‌ಕ್ಯೂ-9ರಲ್ಲಿ ಸಾಮಾನ್ಯವಾಗಿ ಬಳಸುವ ಗೆರೆ 10. ಮಗು ರಾತ್ರಿಯಿಡೀ ಎಬ್ಬಿಸುತ್ತಿದ್ದರೆ, ಈ ಮೂರೇ ಪ್ರಶ್ನೆಗಳಿಂದ ತಾಯಿಯ ಅಂಕ 9ರವರೆಗೆ ಹೋಗಬಲ್ಲದು.