ಶಾಲೆಯ ದಿನ ಮಾತ್ರ ಬರುವ ಹೊಟ್ಟೆನೋವು

ಎಂಟನೇ ಕ್ಲಾಸಿನ ಹುಡುಗಿ. ಆರು ವಾರದಿಂದ ಬೆಳಗಾದರೆ ಹೊಟ್ಟೆನೋವು, ವಾಕರಿಕೆ. ಶಾಲೆಯ ವ್ಯಾನು ಹೋಗಿ ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತದೆ, ತಿಂಡಿಯೂ ಸೇರುತ್ತದೆ. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ‘ಬರೀ ನಾಟಕ’ ಅನ್ನುತ್ತಾರೆ ಅಪ್ಪ. ‘ನಾಟಕಕ್ಕೆ ಮೈ ಬೆವರುತ್ತಾ?’ ಅನ್ನುತ್ತಾರೆ ಅಮ್ಮ. ಹಲವು ಮಕ್ಕಳ ಕಥೆ ಸೇರಿಸಿ ಹೆಣೆದ ಉದಾಹರಣೆ ಇದು.

ಅಮ್ಮನ ಮಾತು ನಿಜ. ಆತಂಕವಾದಾಗ ಕರುಳಿನ ಚಲನೆಯೇ ಬದಲಾಗುತ್ತದೆ. ರಿಪೋರ್ಟಿನಲ್ಲಿ ಕಾಣದಿದ್ದರೂ ನೋವು ನೋವೇ. ಆದರೂ ವೈದ್ಯರು ಮೊದಲು ಅಪಾಯದ ಗುರುತುಗಳನ್ನು ವಿಚಾರಿಸುತ್ತಾರೆ: ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಬಿಡದ ಜ್ವರ. ಇವಳಿಗೆ ಯಾವುದೂ ಇಲ್ಲ. ರಜೆಯಲ್ಲಿ ನೋವೂ ಇಲ್ಲ.

ಇನ್ನು ಮುಂದಿನದು ‘ಕೇಸ್ ಫಾರ್ಮುಲೇಶನ್’. ಈ ಮಗುವಿಗೇ ಯಾಕೆ, ಈಗಲೇ ಯಾಕೆ, ಇನ್ನೂ ಯಾಕೆ ನಿಂತಿಲ್ಲ ಎಂಬ ಪ್ರಶ್ನೆಗಳಿಗೆ ದೇಹ, ಮನಸ್ಸು, ಸುತ್ತಲಿನ ಬದುಕು ಮೂರರಲ್ಲೂ ಉತ್ತರ ಹುಡುಕುವ ಕ್ರಮವಿದು. ಈ ಮೂರನ್ನೂ ಕೂಡಿಸಿ ನೋಡಬೇಕೆಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ವಾದಿಸಿದ್ದರು.

ಹುಡುಗಿಯನ್ನು ಒಬ್ಬಳೇ ಕೂರಿಸಿ ಮಾತಾಡಿಸಿದಾಗ ಒಂದೊಂದೇ ಹೊರಬಂತು. ಅಮ್ಮನಿಗೆ ಮೈಗ್ರೇನ್, ಇವಳೂ ಚಿಕ್ಕಂದಿನಿಂದ ಅಂಜುಬುರುಕಿ, ಸಣ್ಣ ತಪ್ಪನ್ನೂ ಸಹಿಸದವಳು. ಇದು ಮೊದಲೇ ಇದ್ದ ನೆಲ. ಈ ವರ್ಷ ಕನ್ನಡ ಮೀಡಿಯಂನಿಂದ ಇಂಗ್ಲಿಷ್ ಮೀಡಿಯಂಗೆ ಬಂದಳು. ಎದ್ದು ನಿಂತು ಓದುವಾಗ ತಡವರಿಸಿದಳು, ಕ್ಲಾಸು ನಕ್ಕಿತು. ಅದೇ ತಿಂಗಳು ಅಪ್ಪನಿಗೆ ಸ್ಟೆಂಟ್ ಹಾಕಿದರು. ಶುರುವಾದದ್ದು ಹೀಗೆ.

ಮೂರನೆಯ ಪ್ರಶ್ನೆಯೇ ಮುಖ್ಯ. ನೋವು ಬಂದರೆ ರಜೆ, ರಜೆ ಸಿಕ್ಕ ಕೂಡಲೇ ನೋವು ಶಮನ. ತಪ್ಪಿಸಿಕೊಂಡದ್ದರಿಂದ ನಿರಾಳವಾಯಿತು ಎಂಬುದನ್ನು ಮೈ ಕಲಿತುಬಿಡುತ್ತದೆ. ಬಿಟ್ಟ ಪಾಠ ಬೆಳೆದಷ್ಟೂ ಹೋಗುವ ಭಯ ಬೆಳೆಯುತ್ತದೆ. ಹಗಲೆಲ್ಲ ಅಪ್ಪನ ಜೊತೆಗಿದ್ದರೆ ಅವರಿಗೇನಾಯಿತೋ ಎಂಬ ಚಿಂತೆಯೂ ಇಲ್ಲ. ಪ್ರತಿ ಹೊಸ ಟೆಸ್ಟು ‘ಏನೋ ಇರಬೇಕು’ ಎಂಬ ಅನುಮಾನವನ್ನು ಗಟ್ಟಿಮಾಡುತ್ತದೆ. ನಕ್ಕವರು ಮರೆತಿದ್ದಾರೆ, ಅವಳನ್ನು ಮನೆಯಲ್ಲಿ ಹಿಡಿದಿಟ್ಟಿರುವುದು ಈ ಚಕ್ರ.

ಆಸರೆಯನ್ನೂ ಬರೆದುಕೊಳ್ಳಬೇಕು. ಇವಳಿಗೆ ದಿನಾ ಫೋನ್ ಮಾಡುವ ಗೆಳತಿಯಿದ್ದಾಳೆ, ಗಣಿತ ಇಷ್ಟ. ಹಾಗಾಗಿ ಯೋಜನೆ ಗಣಿತದ ಪೀರಿಯಡ್ಡಿನಿಂದಲೇ: ಮೊದಲ ವಾರ ಗೆಳತಿಯ ಜೊತೆ ಹೋಗಿ ಅದೊಂದೇ ಕ್ಲಾಸು, ಆಮೇಲೆ ಅರ್ಧ ದಿನ. ನೋವು ಬಂದರೆ ಸಿಕ್ ರೂಮಿನಲ್ಲಿ ಹತ್ತು ನಿಮಿಷ ಕೂತು ಮತ್ತೆ ಕ್ಲಾಸಿಗೆ. ಕೆಲಕಾಲ ಗಟ್ಟಿಯಾಗಿ ಓದಿಸಬಾರದೆಂದು ಟೀಚರಿಗೆ ಕೋರಿಕೆ. ತನ್ನ ಆರೋಗ್ಯದ ಬಗ್ಗೆ ಅಪ್ಪನೇ ಮಗಳಿಗೆ ಬಿಡಿಸಿ ಹೇಳುವುದು.

ಇದೆಲ್ಲ ಊಹೆಯೇ. ಎರಡು ಮೂರು ವಾರಕ್ಕೂ ಹಾಜರಾತಿ ಅಲುಗದಿದ್ದರೆ ಏನೋ ತಪ್ಪಿಹೋಗಿದೆ ಎಂದರ್ಥ. ಯಾರೋ ಕಾಡುತ್ತಿರಬಹುದು, ಓದುವುದರಲ್ಲೇ ತೊಡಕಿರಬಹುದು, ಖಿನ್ನತೆಯಿರಬಹುದು. ಆಗ ಮಗುವನ್ನು ಗದರುವ ಬದಲು ಫಾರ್ಮುಲೇಶನ್ನನ್ನು ತಿದ್ದಬೇಕು.