ಸರದಿಯಲ್ಲಿ ಮುಂದಿದ್ದರೂ ಒಳನುಗ್ಗುವಂತಿಲ್ಲ

ಮೋಟರ್ ಓಡಿಸುವ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಇದೆ ಎಂದುಕೊಳ್ಳಿ. ಅದರಲ್ಲಿರುವುದು ಎಸ್‌ಟಿಎಂ32ಎಫ್103 ಎಂಬ ಚಿಪ್. ಚಿಪ್ಪಿನೊಳಗಿನ ಪ್ರಾಸೆಸರ್, ಆರ್ಮ್ ಕಂಪನಿಯ ವಿನ್ಯಾಸವಾದ ಕಾರ್ಟೆಕ್ಸ್-ಎಂ3. ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ ಮೂಲಕ ಬೋರ್ಡಿಗೆ ಆದೇಶಗಳು ಬರುತ್ತವೆ. ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ, ಆದರೆ ಆಗೊಮ್ಮೆ ಈಗೊಮ್ಮೆ ಆದೇಶದಲ್ಲಿ ಒಂದಕ್ಷರ ಕಾಣೆಯಾಗುತ್ತದೆ. ಮೋಟರ್ ನಿಲ್ಲಿಸಿದರೆ ತೊಂದರೆಯೂ ನಿಲ್ಲುತ್ತದೆ. ಕೇಬಲ್ ಬದಲಿಸಿದರೂ ಪ್ರಯೋಜನವಿಲ್ಲ. ಪ್ರೋಗ್ರಾಂ ತೆರೆದು ನೋಡಿದರೆ, ಮೋಟರಿನ ಟೈಮರಿಗಿಂತ ಸೀರಿಯಲ್ ಪೋರ್ಟಿಗೇ ಹೆಚ್ಚಿನ ಆದ್ಯತೆ ಕೊಟ್ಟಿದೆ. ಹಾಗಿದ್ದರೂ ಅಕ್ಷರ ಕಳೆದುಹೋಗುವುದು ಹೇಗೆ?

ಪ್ರಾಸೆಸರ್ ತನ್ನ ಕೆಲಸ ಮಾಡುತ್ತಿರುವಾಗ ಹೊರಗಿನ ಸಾಧನವೊಂದು ‘ನನ್ನನ್ನು ಗಮನಿಸು’ ಎಂದು ಕಳಿಸುವ ಸಂಕೇತವೇ ಇಂಟರಪ್ಟ್. ಸಂಕೇತ ಬಂದಾಗ ನಡೆಸಬೇಕಾದ ಪ್ರೋಗ್ರಾಂ ತುಣುಕಿಗೆ ಹ್ಯಾಂಡ್ಲರ್ ಎನ್ನುತ್ತಾರೆ. ಇಂಥ ಸಂಕೇತಗಳನ್ನೆಲ್ಲ ಮೊದಲು ಸ್ವೀಕರಿಸಿ, ಯಾವುದನ್ನು ಯಾವಾಗ ಪ್ರಾಸೆಸರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವುದು ಎನ್‌ವಿಐಸಿ ಎಂಬ ಘಟಕ. ಇದು ಪ್ರತಿ ಇಂಟರಪ್ಟಿಗೂ ಮುಖ್ಯವಾಗಿ ಎರಡು ಗುರುತುಗಳನ್ನು ಇಟ್ಟುಕೊಂಡಿರುತ್ತದೆ. ಸಂಕೇತ ಬಂದಿದೆ, ಹ್ಯಾಂಡ್ಲರ್ ಇನ್ನೂ ಶುರುವಾಗಿಲ್ಲ ಎಂದರೆ ಅದು ಪೆಂಡಿಂಗ್. ಹ್ಯಾಂಡ್ಲರ್ ಶುರುವಾದೊಡನೆ ಪೆಂಡಿಂಗ್ ಗುರುತು ಅಳಿದು ಆಕ್ಟಿವ್ ಗುರುತು ಬೀಳುತ್ತದೆ.

ಆದ್ಯತೆಯನ್ನು ಒಂದು ಸಂಖ್ಯೆಯಾಗಿ ಬರೆಯುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ದೊಡ್ಡದು. ಈ ಚಿಪ್ಪಿನಲ್ಲಿ ಅದಕ್ಕೆ ನಾಲ್ಕು ಬಿಟ್‌ಗಳಿವೆ, ಅಂದರೆ 0ಯಿಂದ 15ರವರೆಗೆ ಹದಿನಾರು ಮಟ್ಟಗಳು. ಅನೇಕರು ಎಡವುವುದು ಇಲ್ಲಿಂದ ಮುಂದೆ. ಆ ಸಂಖ್ಯೆ ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಈಗ ನಡೆಯುತ್ತಿರುವ ಹ್ಯಾಂಡ್ಲರನ್ನು ಅರ್ಧಕ್ಕೇ ನಿಲ್ಲಿಸಿ ಒಳನುಗ್ಗುವ ಹಕ್ಕು ಯಾರಿಗಿದೆ? ಹೊರಗೆ ಕಾಯುತ್ತಿರುವವರಲ್ಲಿ ಮುಂದಿನ ಸರದಿ ಯಾರದು? ಡಾಕ್ಟರ ಕೋಣೆಯ ಮುಂದೆ ಒಂದನೇ ಟೋಕನ್ ಹಿಡಿದು ಕೂತವರಿಗೆ ಮುಂದಿನ ಸರದಿ ಖಾತ್ರಿ. ಆದರೆ ಒಳಗಿರುವ ರೋಗಿಯನ್ನು ಎಬ್ಬಿಸುವ ಹಕ್ಕಿರುವುದು ಅಪಘಾತವಾಗಿ ಬಂದವರಿಗೆ ಮಾತ್ರ.

ಎನ್‌ವಿಐಸಿ ಈ ಎರಡು ಪ್ರಶ್ನೆಗಳಿಗೆ ನಾಲ್ಕು ಬಿಟ್‌ಗಳನ್ನು ಹಂಚಲು ಅವಕಾಶ ಕೊಡುತ್ತದೆ. ಮೊದಲ ಭಾಗ ಗುಂಪಿನ ಆದ್ಯತೆ. ಒಳನುಗ್ಗುವ ಹಕ್ಕನ್ನು ತೀರ್ಮಾನಿಸುವುದು ಇದೊಂದೇ. ಉಳಿದ ಭಾಗ ಉಪ ಆದ್ಯತೆ. ಇದು ಕಾಯುವವರ ಸರದಿಗೆ ಮಾತ್ರ. ನಮ್ಮ ಬೋರ್ಡಿನ ಪ್ರೋಗ್ರಾಂ ಹೀಗಿದೆ:

```c
NVIC_SetPriorityGrouping(5);
NVIC_SetPriority(USART1_IRQn, 4);
NVIC_SetPriority(TIM2_IRQn, 5);
NVIC_SetPriority(TIM3_IRQn, 6);
NVIC_SetPriority(EXTI0_IRQn, 8);
```

ಮೊದಲ ಸಾಲಿನಿಂದಾಗಿ ನಾಲ್ಕು ಬಿಟ್‌ಗಳು ಎರಡೆರಡಾಗಿ ಪಾಲಾಗುತ್ತವೆ. ಸೀರಿಯಲ್ ಪೋರ್ಟಿನ 4ನ್ನು ಬಿಟ್‌ಗಳಲ್ಲಿ ಬರೆದರೆ 01 00, ಮೋಟರ್ ಟೈಮರಿನ 5 ಎಂದರೆ 01 01. ತಾಪಮಾನ ಅಳೆಯುವ ಎರಡನೇ ಟೈಮರಿನ 6 ಎಂದರೆ 01 10. ಈ ಮೂರೂ ಒಂದೇ ಗುಂಪಿನವು. ಬಟನ್ನಿನ 8 ಎಂದರೆ 10 00, ಅದು ಕೆಳಗಿನ ಗುಂಪು.

ಈಗ ಒಂದು ಸನ್ನಿವೇಶ ನೋಡೋಣ. ಯಾರೋ ಬಟನ್ ಒತ್ತಿದ್ದಾರೆ, ಅದರ ಹ್ಯಾಂಡ್ಲರ್ ನಡೆಯುತ್ತಿದೆ. ಅಷ್ಟರಲ್ಲಿ ಮೋಟರ್ ಟೈಮರಿನ ಇಂಟರಪ್ಟ್ ಬರುತ್ತದೆ. ಅದರ ಗುಂಪು ಮೇಲಿನದಾದ್ದರಿಂದ ಬಟನ್ನಿನ ಕೆಲಸ ಅಲ್ಲೇ ನಿಲ್ಲುತ್ತದೆ. ಹಾರ್ಡ್‌ವೇರ್ ತಾನಾಗಿಯೇ ಎಂಟು ರಿಜಿಸ್ಟರ್‌ಗಳನ್ನು ಸ್ಟ್ಯಾಕಿಗೆ ಉಳಿಸಿ ಹೊಸ ಹ್ಯಾಂಡ್ಲರಿಗೆ ಹೋಗುತ್ತದೆ. ಮೆಮೊರಿ ತಡಮಾಡದಿದ್ದರೆ ಇದಕ್ಕೆ 12 ಗಡಿಯಾರ ಆವರ್ತಗಳು ಸಾಕು. ಬಟನ್ನಿನ ಹ್ಯಾಂಡ್ಲರ್ ನಿಂತಿದ್ದರೂ ಮುಗಿದಿಲ್ಲವಾದ್ದರಿಂದ ಅದರ ಆಕ್ಟಿವ್ ಗುರುತು ಹಾಗೆಯೇ ಇರುತ್ತದೆ. ಒಂದರೊಳಗೊಂದು ಹೀಗೆ ಸೇರಿಕೊಳ್ಳುವುದೇ ನೆಸ್ಟಿಂಗ್.

ಮೋಟರಿನ ಲೆಕ್ಕಾಚಾರ ನಡೆಯುತ್ತಿರುವಾಗಲೇ ಮೊದಲು ಎರಡನೇ ಟೈಮರ್, ಆಮೇಲೆ ಸೀರಿಯಲ್ ಪೋರ್ಟ್ ಕರೆಯುತ್ತವೆ. ಎರಡಕ್ಕೂ ಒಳನುಗ್ಗುವ ಹಕ್ಕಿಲ್ಲ, ಗುಂಪು ಒಂದೇ. ಎರಡೂ ಪೆಂಡಿಂಗ್ ಆಗುತ್ತವೆ. ಮೋಟರಿನ ಹ್ಯಾಂಡ್ಲರ್ ಮುಗಿದೊಡನೆ ಎನ್‌ವಿಐಸಿ ಕಾದವರನ್ನು ಹೋಲಿಸುತ್ತದೆ. ಮೊದಲು ಬಂದವರು ಯಾರು ಎಂದು ಅದು ಕೇಳುವುದೇ ಇಲ್ಲ. ಉಪ ಆದ್ಯತೆ ಮೇಲಿರುವುದರಿಂದ ಸೀರಿಯಲ್ ಪೋರ್ಟಿನದು ಮೊದಲ ಸರದಿ, ಆಮೇಲೆ ಎರಡನೇ ಟೈಮರ್, ಕೊನೆಗೆ ಬಟನ್ನಿನ ಉಳಿದ ಕೆಲಸ. ಉಪ ಆದ್ಯತೆಯೂ ಸಮವಾಗಿದ್ದರೆ ಚಿಪ್ಪಿನಲ್ಲಿ ನಿಗದಿಯಾದ ಇಂಟರಪ್ಟ್ ಸಂಖ್ಯೆ ಚಿಕ್ಕದಿರುವುದು ಗೆಲ್ಲುತ್ತದೆ. ಆಗ 29ನೇ ಸಂಖ್ಯೆಯ ಎರಡನೇ ಟೈಮರ್, 37ನೇ ಸಂಖ್ಯೆಯ ಸೀರಿಯಲ್ ಪೋರ್ಟಿಗಿಂತ ಮುಂದೆ ಹೋಗುತ್ತಿತ್ತು. ಒಂದು ಹ್ಯಾಂಡ್ಲರಿನಿಂದ ಕಾಯುತ್ತಿರುವ ಮತ್ತೊಂದಕ್ಕೆ ದಾಟುವಾಗ ಪ್ರಾಸೆಸರ್ ರಿಜಿಸ್ಟರ್‌ಗಳನ್ನು ಸ್ಟ್ಯಾಕಿನಿಂದ ತೆಗೆದು ಪುನಃ ಇಡುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ದಾಟುವುದಕ್ಕೆ 6 ಆವರ್ತಗಳಷ್ಟೇ ಸಾಕು.

ಅಕ್ಷರ ಕಳೆದುಹೋದದ್ದು ಈ ಕಾಯುವಿಕೆಯಲ್ಲೇ. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ, ಅಕ್ಷರಕ್ಕೆ ಹತ್ತು ಬಿಟ್‌ನಂತೆ, ಸುಮಾರು 87 ಮೈಕ್ರೊಸೆಕೆಂಡಿಗೊಂದು ಅಕ್ಷರ ಬರುತ್ತದೆ. ಮೋಟರಿನ ಹ್ಯಾಂಡ್ಲರಿಗೆ 150 ಮೈಕ್ರೊಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಅದು ಶುರುವಾದ 10ನೇ ಮೈಕ್ರೊಸೆಕೆಂಡಿಗೆ ಒಂದಕ್ಷರ ಬಂದು ಸೀರಿಯಲ್ ಪೋರ್ಟಿನ ರಿಜಿಸ್ಟರಿನಲ್ಲಿ ಕೂರುತ್ತದೆ. 97ನೇ ಮೈಕ್ರೊಸೆಕೆಂಡಿಗೆ ಮುಂದಿನ ಅಕ್ಷರ ಪೂರ್ಣಗೊಳ್ಳುತ್ತದೆ, ಆದರೆ ಮೊದಲಿನದನ್ನು ಯಾರೂ ಓದಿಲ್ಲ. ಇರುವುದು ಒಂದೇ ಅಕ್ಷರದ ಜಾಗ. ಎರಡನೆಯದು ನಷ್ಟವಾಗುತ್ತದೆ. ಪೆಂಡಿಂಗ್ ಗುರುತೂ ಕಾಪಾಡಲಾರದು, ಏಕೆಂದರೆ ಅದು ಒಂದೇ ಬಿಟ್. ‘ಕರೆ ಬಂದಿದೆ’ ಎಂದಷ್ಟೇ ಅದಕ್ಕೆ ಗೊತ್ತು, ಎಷ್ಟು ಸಲ ಎಂಬ ಲೆಕ್ಕ ಇಲ್ಲ.

ಇದನ್ನು ಊಹೆಗೆ ಬಿಡಬೇಕಿಲ್ಲ. ಅಕ್ಷರ ನಷ್ಟವಾದಾಗ ಸೀರಿಯಲ್ ಪೋರ್ಟಿನ `USART_SR` ರಿಜಿಸ್ಟರಿನಲ್ಲಿ `ORE` ಎಂಬ ಬಿಟ್ 1 ಆಗುತ್ತದೆ. ಡಿಬಗರ್ ಜೋಡಿಸಿ, ಮೋಟರಿನ ಹ್ಯಾಂಡ್ಲರಿನ ಕೊನೆಯ ಸಾಲಿನಲ್ಲಿ ಪ್ರಾಸೆಸರನ್ನು ನಿಲ್ಲಿಸಿ, ಆಕ್ಟಿವ್ ಗುರುತುಗಳ `IABR[0]` ನೋಡಿ. ನಮ್ಮ ಸನ್ನಿವೇಶದಲ್ಲಿ ಅಲ್ಲಿ `0x10000040` ಎಂದಿರುತ್ತದೆ. 28ನೇ ಬಿಟ್ ಮೋಟರಿನ ಟೈಮರ್, 6ನೇ ಬಿಟ್ ಅದರಡಿ ನಿಂತುಹೋದ ಬಟನ್. ಪೆಂಡಿಂಗ್ ಗುರುತುಗಳ `ISPR[1]`ನಲ್ಲಿ `0x20` ಕಂಡರೆ, ಸೀರಿಯಲ್ ಪೋರ್ಟ್ ಹೊರಗೆ ಕಾಯುತ್ತಿದೆ ಎಂದರ್ಥ.

ಪರಿಹಾರ ಒಂದೇ ಅಂಕಿಯದು. ಸೀರಿಯಲ್ ಪೋರ್ಟಿಗೆ 4ರ ಬದಲು 3 ಕೊಡಿ. 3 ಎಂದರೆ 00 11. ಗುಂಪು ಬದಲಾಯಿತು, ಇನ್ನು ಅದು ಮೋಟರಿನ ಲೆಕ್ಕಾಚಾರವನ್ನು ತಡೆದು ಒಳಬರುತ್ತದೆ. ಅದರ ಹ್ಯಾಂಡ್ಲರ್ ಮಾತ್ರ ಚಿಕ್ಕದಾಗಿರಬೇಕು: ಅಕ್ಷರವನ್ನು ಓದಿ, ಬಫರಿಗೆ ಹಾಕಿ, ಹೊರಟುಬಿಡಬೇಕು. ಪ್ರತಿ ಹೆಚ್ಚಿನ ಹಂತದ ನೆಸ್ಟಿಂಗ್‌ಗೂ ಸ್ಟ್ಯಾಕಿನಲ್ಲಿ ಕನಿಷ್ಠ 32 ಬೈಟ್ ಜಾಗ ಬೇಕು ಎಂಬುದೂ ಲೆಕ್ಕದಲ್ಲಿರಲಿ.

ಆದ್ಯತೆ ಹಂಚುವಾಗ ಯಾವ ಕೆಲಸ ದೊಡ್ಡದು ಎಂದು ಯೋಚಿಸಿದರೆ ದಾರಿ ತಪ್ಪುತ್ತದೆ. ಈ ಬೋರ್ಡಿನಲ್ಲಿ ಮೋಟರೇ ದೊಡ್ಡದು, ಆದರೂ ಅದು ಕೆಲವು ಮೈಕ್ರೊಸೆಕೆಂಡ್ ಕಾಯಬಲ್ಲದು. ಸೀರಿಯಲ್ ಪೋರ್ಟ್ 87ಕ್ಕಿಂತ ಹೆಚ್ಚು ಕಾಯಲಾರದು. ಯಾರು ಎಷ್ಟು ಹೊತ್ತು ಕಾಯಬಲ್ಲರು ಎಂಬ ಪಟ್ಟಿ ಮಾಡಿ, ಕಡಿಮೆ ಕಾಯುವವರಿಗೆ ಮೇಲಿನ ಗುಂಪು ಕೊಡಬೇಕು. ಎಲ್ಲರೂ ಮುಖ್ಯರೇ ಎಂದು ಎಲ್ಲರಿಗೂ 0 ಕೊಟ್ಟರೆ ಯಾರೂ ಯಾರನ್ನೂ ತಡೆಯಲಾರರು. ಚಿಪ್ಪಿಗೆ ವಿದ್ಯುತ್ ಕೊಟ್ಟ ಕ್ಷಣದಲ್ಲಿ ಈ ಎಲ್ಲ ಆದ್ಯತೆಗಳೂ 0 ಆಗಿಯೇ ಇರುತ್ತವೆ. ಹಾಗಾಗಿ ಪ್ರೋಗ್ರಾಂ ಬರೆಯುವವರು ಆದ್ಯತೆ ಹಂಚುವವರೆಗೆ ಅಲ್ಲಿ ನೆಸ್ಟಿಂಗ್ ಎಂಬುದು ನಡೆಯುವುದೇ ಇಲ್ಲ.